ಲಟ್ ಹಾಕಿದರೆ ಬಿಳಿ ಧೋತರ ಸುಣ್ಣವಾಗುತ್ತಿದೆ, ಅನುಭವವಿದ್ದವರು ತಿಳಿಸಿ

ಆಳಂದದ ಹೊಸಬ: ಅಕ್ಕನ ಮದುವೆಯನ್ನು S-Log3 ಎಂಬ ಮಸುಕಾಗಿ ಕಾಣುವ ಲಾಗ್ ಬಣ್ಣದಲ್ಲಿ ಚಿತ್ರೀಕರಿಸಿದ್ದೇನೆ. ಅಂಗಳದಲ್ಲಿ ನಡೆದ ಅರಿಶಿಣದ ಶಾಸ್ತ್ರದ ದೃಶ್ಯಗಳಿಗೆ ಬಣ್ಣ ಬದಲಿಸುವ ಸಿದ್ಧ ಫೈಲಾದ ಲಟ್ ಹಾಕಿದರೆ ಮುಖಗಳು ಕಿತ್ತಳೆಯಾಗುತ್ತವೆ, ಮಾವನವರ ಬಿಳಿ ಧೋತರ ಸುಣ್ಣ ಬಳಿದಂತೆ ಕಾಣುತ್ತದೆ. ಸಹಜವಾಗಿ ಕಾಣಬೇಕಾದರೆ ಲಟ್ ಅನ್ನೇ ಕೈಬಿಡಬೇಕೆ?

ಬೀದರಿನ ಎಡಿಟರ್: ಹೋದ ಬೇಸಿಗೆಯಲ್ಲಿ ಬೀದರ ಕೋಟೆಯ ಕೆಂಪು ಗೋಡೆಯ ಮುಂದೆ ಒಂದು ಜೋಡಿಯನ್ನು ಚಿತ್ರೀಕರಿಸಿದಾಗ ನೆರಳಿನಲ್ಲಿ ಗದ್ದಲ ಬರಬಾರದೆಂದು ಬೇಕೆಂದೇ ಎರಡು ಸ್ಟಾಪ್ ಹೆಚ್ಚು ಬೆಳಕು ಕೊಟ್ಟಿದ್ದೆ. ಮನೆಗೆ ಬಂದು ಬಣ್ಣ ತಿದ್ದುವ ಮೊದಲ ಹಂತ, ಅಂದರೆ ಮೊದಲ ನೋಡ್‌ನಲ್ಲೇ ಲಟ್ ಹಾಕಿದೆ, ವರನ ಅಂಗಿ ಬೆಳ್ಳಗಾಯಿತು, ನಂತರದ ನೋಡ್‌ನಲ್ಲಿ ಬೆಳಕನ್ನು ಇಳಿಸಿದೆ. ಅಂಗಿ ಬೂದಿಯ ಬಣ್ಣಕ್ಕೆ ತಿರುಗಿತೇ ಹೊರತು ಒಂದು ಮಡಿಕೆಯೂ ಮರಳಿ ಬರಲಿಲ್ಲ. ಮೂರು ರಾತ್ರಿ ಹೀಗೆಯೇ ಹಾಳಾದವು.

ತಪ್ಪು ತುಣುಕಿನದ್ದಾಗಿರಲಿಲ್ಲ, ಕ್ರಮದ್ದಾಗಿತ್ತು. S-Log3 ನಲ್ಲಿ ಸರಿಯಾದ ಬೆಳಕಿಗೆ ಬೂದು ಕಾರ್ಡು ಬೆಳಕಿನ ಮಟ್ಟ ತೋರಿಸುವ ವೇವ್‌ಫಾರ್ಮಿನ ಮೇಲೆ ಸುಮಾರು ಶೇ 41ರಲ್ಲಿಯೂ ಬಿಳಿ ಬಟ್ಟೆ ಶೇ 61ರ ಆಸುಪಾಸಿನಲ್ಲಿಯೂ ಕೂರಬೇಕು, ಲಟ್ ತಯಾರಿಸಿದವರು ಈ ಲೆಕ್ಕವನ್ನೇ ನಂಬಿರುತ್ತಾರೆ. ಎರಡು ಸ್ಟಾಪ್ ಏರಿದ ನನ್ನ ಬೂದು 58ಕ್ಕೂ ಬಿಳಿ 79ರ ಹತ್ತಿರಕ್ಕೂ ಹೋಗಿದ್ದವು. ಕ್ಯಾಮೆರಾದಲ್ಲಿ ಅಂಗಿಯ ಮಡಿಕೆಗಳೆಲ್ಲ ಇದ್ದವು. ಆದರೆ ಅಷ್ಟು ಮೇಲಿನ ಬೆಲೆಗಳನ್ನು ಲಟ್ ಒಂದೇ ತುದಿಗೆ ಒತ್ತಿಬಿಡುವುದರಿಂದ, ಅದು ಒತ್ತಿದ ಮೇಲೆ ನಾವು ಏನನ್ನು ಇಳಿಸಿದರೂ ಇಳಿಯುವುದು ಬರಿಯ ಬೂದಿ. ಲಟ್‌ನ ಹಿಂದಿನ ನೋಡ್‌ನಲ್ಲಿ Offset ಚಕ್ರವನ್ನು ಕೆಳಗೆ ತಿರುಗಿಸಿ ಬಿಳಿಯನ್ನು 61ರ ಬಳಿಗೆ ತಂದೆ, ಅಲ್ಲಿಯೇ ವೈಟ್ ಬ್ಯಾಲೆನ್ಸ್ ಸರಿಮಾಡಿದೆ, ಮಡಿಕೆಗಳು ಬಂದವು. ಲಾಗ್ ಚಿತ್ರದಲ್ಲಿ Offset ಹೆಚ್ಚುಕಡಿಮೆ ಅಪರ್ಚರ್ ತಿರುಗಿಸಿದಂತೆಯೇ ಕೆಲಸ ಮಾಡುತ್ತದೆ, ಕಡುಗಪ್ಪಿನ ಹತ್ತಿರ ಮಾತ್ರ ಸ್ವಲ್ಪ ಎಡವಟ್ಟು.

ಯಾದಗಿರಿಯ ಕ್ಯಾಮೆರಾಮನ್: ಎರಡು ಸ್ಟಾಪ್ ಏರಿಸುವುದೇ ತಪ್ಪು, ಆಮೇಲೆ ಲಟ್ ಅನ್ನು ದೂರುವುದು ಏಕೆ? ನಾನು ಬೂದು ಕಾರ್ಡು ಹಿಡಿದು 41ಕ್ಕೇ ಹೊಂದಿಸುತ್ತೇನೆ. ಆರು ವರ್ಷಗಳಿಂದ ಒಂದೇ ಲಟ್, ಎಲ್ಲ ಮದುವೆಗೂ ಅದೇ, ಹತ್ತು ನಿಮಿಷದ ಕೆಲಸ.

ಬೀದರಿನ ಎಡಿಟರ್: ನಾನು ಲಟ್ ಅನ್ನು ದೂರಿಲ್ಲ, ಓದಿ ಉತ್ತರಿಸಿ. ಕಾರ್ಡು ಹಿಡಿಯುವ ನಿಮ್ಮ ಅಭ್ಯಾಸ ಒಳ್ಳೆಯದು, ಆದರೆ ಬಿಸಿಲಿನ ಅಂಗಳದಿಂದ ಮಂಟಪದ ಎಲ್‌ಇಡಿ ದೀಪದ ಕೆಳಗೆ ಬಂದ ಮೇಲೂ ಅದೇ ಕಾರ್ಡಿನ ಲೆಕ್ಕ ನಡೆಯುತ್ತದೆಯೇ?

ಯಾದಗಿರಿಯ ಕ್ಯಾಮೆರಾಮನ್: ನಡೆಯುತ್ತದೆ. ನನ್ನ ಗಿರಾಕಿಗಳು ಇಂದಿಗೂ ದೂರಿಲ್ಲ.

ಶಹಾಬಜಾರಿನ ಸ್ಟುಡಿಯೊ: ಗಿರಾಕಿ ದೂರಿದರೆ ಏನಾಗುತ್ತದೆಂದು ನನ್ನನ್ನು ಕೇಳಿ. ಡ್ರೋನ್ ಹಾರಿಸಿದ ಹುಡುಗ ಸಾಮಾನ್ಯ ಬಣ್ಣದಲ್ಲೇ ಚಿತ್ರೀಕರಿಸಿದ್ದ, ನಾನು ಟೈಮ್‌ಲೈನ್ ಪೂರ್ತಿಗೆ ಲಾಗ್‌ನ ಲಟ್ ಹಾಕಿ ಕಲಬುರಗಿಯ ಮಧ್ಯಾಹ್ನದ ಆಕಾಶವನ್ನು ಸಂಜೆಯಾಗಿಸಿಬಿಟ್ಟೆ. ನೆರಳು ಮಸಿಯಾಯಿತು, ಮೆರವಣಿಗೆಯ ಕುದುರೆ ಕಾಣಲೇ ಇಲ್ಲ. ವಧುವಿನ ತಂದೆ 18,000 ರೂಪಾಯಿ ತಡೆಹಿಡಿದರು, ಮತ್ತೆ ರೆಂಡರ್ ಮಾಡಲು ಎರಡು ದಿನ, ಹೊಸ ಹಾರ್ಡ್ ಡಿಸ್ಕಿಗೆ 4,200 ರೂಪಾಯಿ. ಲಾಗ್ ಅಲ್ಲದ ತುಣುಕಿಗೆ ಲಾಗ್‌ನ ಲಟ್ ಹಾಕಬಾರದೆಂಬ ಪಾಠ ನನಗೆ ಇಷ್ಟು ದುಬಾರಿಯಾಯಿತು. ಅಂದಿನಿಂದ ಲಟ್ ಎಂದರೇ ಕೈ ಮುಗಿಯುತ್ತೇನೆ, ಎಲ್ಲವೂ ಕೈಯಿಂದಲೇ.

ಬೀದರಿನ ಎಡಿಟರ್: ಒಂದು ತುಣುಕು ತಪ್ಪಿದ್ದಕ್ಕೆ ಎಲ್ಲವನ್ನೂ ಬಿಡುವುದು ಹೇಗೆ, ಸರ್? ತುಣುಕುಗಳನ್ನು ಬೇರೆ ಬೇರೆ ಗುಂಪಾಗಿಸಿದರೆ ಸಾಕಿತ್ತು.

ಶಹಾಬಜಾರಿನ ಸ್ಟುಡಿಯೊ: ಹಣ ಹೋದದ್ದು ನನ್ನದು, ತಮ್ಮದಲ್ಲ.

ಚಿತ್ತಾಪುರದ ಶಿಕ್ಷಕಿ: ಅರಿಶಿಣದ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ. ನನ್ನ ತಂಗಿಯ ಅರಿಶಿಣದ ದೃಶ್ಯವನ್ನು ಸಿನಿಮಾ ಬಣ್ಣದ ಲಟ್‌ನಿಂದ ಹಾಳುಮಾಡಿಕೊಂಡವಳು ನಾನು. ಅಂತಹ ಲಟ್‌ಗಳು ಚರ್ಮದ ಬಣ್ಣವನ್ನು ಕಿತ್ತಳೆಯ ಕಡೆಗೂ ನೆರಳನ್ನು ನೀಲಿಯ ಕಡೆಗೂ ಎಳೆಯುತ್ತವೆ. ಮುಖದ ಮೇಲೆ ಆಗಲೇ ಅರಿಶಿಣವಿದ್ದರೆ ಎರಡೂ ಸೇರಿ ಇಟ್ಟಿಗೆಯಾಗುತ್ತದೆ. ಕ್ಯಾಮೆರಾದ ಲಾಗ್ ಅನ್ನು ಸಾಮಾನ್ಯ ಟಿವಿ ಬಣ್ಣವಾದ Rec.709 ಗೆ ತರುವ ಸರಳ ಪರಿವರ್ತನೆಯ ಲಟ್ ಮಾತ್ರ ಹಾಕಿ, ಅರಿಶಿಣದ ಹಳದಿಯನ್ನು ಹಾಗೆಯೇ ಬಿಟ್ಟಾಗ ಅಮ್ಮ ಈಗ ನಮ್ಮ ಹುಡುಗಿ ಕಂಡಳು ಎಂದರು. ನನ್ನದು 8 ಬಿಟ್ ಕ್ಯಾಮೆರಾ. ಆಕಾಶದಲ್ಲಿ ಪಟ್ಟಿಗಳು ಎದ್ದಿದ್ದವು, ಅವು ಕೊನೆಯವರೆಗೂ ಹೋಗಲಿಲ್ಲ.

ಯಾದಗಿರಿಯ ಕ್ಯಾಮೆರಾಮನ್: 8 ಬಿಟ್‌ನಲ್ಲಿ ಲಾಗ್ ಚಿತ್ರೀಕರಿಸಲು ನಿಮಗೆ ಹೇಳಿದವರು ಯಾರು?

ಚಿತ್ತಾಪುರದ ಶಿಕ್ಷಕಿ: ತಮ್ಮಂತಹವರೇ, ಅಣ್ಣಾವ್ರೆ. ಆರು ವರ್ಷದ ಅನುಭವದವರು.

ಆಳಂದದ ಹೊಸಬ: ಲಟ್‌ನ ಹಿಂದಿನ ನೋಡ್‌ನಲ್ಲಿ Offset ಇಳಿಸಿ ನೋಡಿದೆ, ಧೋತರದ ಅಂಚಿನ ಗೆರೆ ಕಾಣಿಸುತ್ತಿದೆ. ಮುಖ ಇನ್ನೂ ಕಿತ್ತಳೆಯೇ, ಆ ಲಟ್ ಹೆಸರಿನಲ್ಲಿ ಸಿನಿಮಾ ಎಂದೇ ಇದೆ. ಬದಲಿಸಿ ನೋಡುತ್ತೇನೆ.

ಶಹಾಬಜಾರಿನ ಸ್ಟುಡಿಯೊ: ಡ್ರೋನ್ ತುಣುಕಿದ್ದರೆ ಮೊದಲು ಅದನ್ನು ಬೇರೆ ಇಡಿ.