ಕಪ್ಪು, ಕರೆಂಟು ಮತ್ತು ನಗು

ಹನೋಯ್‌ನಲ್ಲಿ ಕೆಲಸ ಮಾಡುವ ಶಶಿ ರಜೆಗೆ ಬಂದಿದ್ದ. ಟೀ ಕುಡಿಯುತ್ತಾ ಮೊಬೈಲ್‌ನಲ್ಲಿ ಒಂದು ವಿಯೆಟ್ನಾಮಿ ಕಾಮಿಡಿ ತೋರಿಸಿದ. ಗಂಡ ಹೊಸ ಎಸಿ ಹಾಕಿಸಿದ್ದಾನೆ. ಹೆಂಡತಿ ಏನೋ ಅಂದಳು, ಜನ ಬಿದ್ದೂ ಬಿದ್ದೂ ನಕ್ಕರು. ಕೆಳಗೆ ಬಂದ ಕನ್ನಡ ಸಬ್‌ಟೈಟಲ್: ‘ಆಧುನಿಕತೆಯಿಂದ ವಿದ್ಯುತ್ತಿಗೆ ಹಾನಿ.’

“ಇದರಲ್ಲಿ ನಗೋಕೆ ಏನಿದೆ? ಕರೆಂಟ್ ಆಫೀಸಿನ ಬೋರ್ಡ್ ಓದಿದಂಗಿದೆ” ಅಂದ ಮಂಜ.

“ಅದೇ ಗುರುತು ಕಣೋ. ಅಲ್ಲಿ ನಗು, ಇಲ್ಲಿ ಉಪದೇಶ ಅಂದ್ರೆ ಮಧ್ಯದಲ್ಲಿ ಸದ್ದಿನ ಆಟ ಬಿದ್ದುಹೋಗಿದೆ ಅಂತ. ‘ಹಿಯೆನ್ ದಾಯ್’ ಅಂದ್ರೆ ಮಾಡರ್ನ್. ಎರಡರ ಬಾಲ ಅದಲು ಬದಲು ಮಾಡು. ‘ಹಾಯ್ ದಿಯೆನ್’ ಆಯ್ತು. ಹಾಯ್ ಅಂದ್ರೆ ಹಾನಿ, ದಿಯೆನ್ ಅಂದ್ರೆ ಕರೆಂಟು. ಈ ಆಟಕ್ಕೆ ‘ನೋಯ್ ಲಾಯ್’ ಅಂತಾರೆ.”

“ಅವರದು ರಾಗದ ಭಾಷೆ ಅಲ್ವಾ? ಬಾಲ ಬದಲಾದ್ರೆ ರಾಗ ಕೆಡಲ್ವಾ?” ಸುಧಾ ಕೇಳಿದಳು.

“ಇಲ್ಲಿ ಎರಡಕ್ಕೂ ಒಂದೇ ರಾಗ, ಗಂಟಲಲ್ಲಿ ಒತ್ತಿ ಹಿಡಿಯೋದು. ಅದಕ್ಕೇ ಇಷ್ಟು ಸಲೀಸು.”

ಕನ್ನಡಕ್ಕೆ ತರುವಾಗ ಅರ್ಥಕ್ಕೆ ಜೋತುಬಿದ್ದರೆ ಆಗೋದಿಲ್ಲ, ಏಟು ಎಲ್ಲಿ ಬೀಳುತ್ತೋ ಅದನ್ನು ಹಿಡಿಯಬೇಕು ಅಂತ ತೀರ್ಮಾನವಾಯಿತು. ಹೊಸದು ಮಾಡಿಸಿದರೆ ಬಿಲ್ಲು ಜಾಸ್ತಿ ಅನ್ನೋದೇ ಇಲ್ಲಿನ ಏಟು. ಹತ್ತು ನಿಮಿಷ ತಲೆ ಕೆರೆದುಕೊಂಡೆವು. ಮಂಜ ‘ಹೈಟೆಕ್’ ಹಿಡಿದು ತಿರುಗಿಸಿ ‘ಟೈಹೆಕ್’ ಮಾಡಿ ಕೈಬಿಟ್ಟ. ಕೊನೆಗೆ ಸುಧಾ ಅಂದಳು: “ಮಾಡರ್ನು ಅಂದ್ರೆ ಮೀಟರ್ ರನ್ನು!”

ಬಾಲ ಅದಲು ಬದಲಾಗಿಲ್ಲ, ನಿಜ. ಆದರೆ ಎಸಿ ಮುಂದೆ ನಿಂತ ಹೆಂಡತಿ ಬಾಯಲ್ಲಿ ಕೂರುತ್ತೆ. ತೆರೆಯ ಮೇಲೆ ಎರಡು ಸೆಕೆಂಡಿನಲ್ಲಿ ಓದಿಯೂ ಮುಗಿಯುತ್ತೆ.

“ಹಾಗಾದ್ರೆ ಇದು ಮಾಡಿ” ಅಂತ ಶಶಿ ಚೀನೀ ಜೋಕೊಂದು ಎಸೆದ. “ಚೀನಿಯಲ್ಲಿ ‘ಬೇಯ್‌ಜ್ಯೂ’ ಅಂದ್ರೆ ದುರಂತ. ಬೇರೆ ಅಕ್ಷರದಲ್ಲಿ ಬರೆದರೆ ಕುಡಿಯೋ ಲೋಟ. ಸದ್ದು, ರಾಗ ಎರಡೂ ಒಂದೇ. ಜೀವನ ಅನ್ನೋದು ಟೀಪಾಯಿ, ಅದರ ಮೇಲೆ ತುಂಬಾ ಬೇಯ್‌ಜ್ಯೂ ಅಂತಾರೆ.”

“ಅಡಿಟಿಪ್ಪಣಿ ಹಾಕಿಬಿಡು” ಅಂದೆ.

“ಜೋಕಿಗೆ ಅಡಿಟಿಪ್ಪಣಿ ಹಾಕೋದು ಅಂದ್ರೆ ಕಚಗುಳಿ ಇಡೋಕೆ ಅರ್ಜಿ ಕೊಟ್ಟಂಗೆ!”

ನಾನು ಟೀ ಮುಗಿಸಿ ಕಪ್ಪು ಕೆಳಗಿಟ್ಟೆ. ಆಗ ಹೊಳೆಯಿತು. “ಲೇ, ಕಪ್ಪು! ಜೀವನ ಅನ್ನೋದು ಟೀಪಾಯಿ, ಮೇಲೆಲ್ಲಾ ಬರೀ ಕಪ್ಪು!”

ಸುಮ್ನೆ ಅದೃಷ್ಟ. ಕನ್ನಡ ಎಲ್ಲಾ ಸಲ ಹೀಗೆ ಕೈ ಹಿಡಿಯಲ್ಲ. ‘ಕಪ್ಪುಗಳು’ ಅಂದರೂ ಸಾಕು, ಬಣ್ಣ ಹೋಗಿ ಪಾತ್ರೆ ಮಾತ್ರ ಉಳಿಯುತ್ತೆ.

“ಅದಕ್ಕೊಂದು ಜೊತೆನೂ ಇದೆ” ಅಂದ ಶಶಿ. “‘ಶೀಜ್ಯೂ’ ಅಂದ್ರೆ ಕಾಮಿಡಿ. ಬೇರೆ ಅಕ್ಷರದಲ್ಲಿ ಬರೆದರೆ ತೊಳೆಯೋ ಸಾಮಾನು.”

ಇದಕ್ಕೆ ಯಾರಿಗೂ ಏನೂ ಹೊಳೆಯಲಿಲ್ಲ. ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮನ ದನಿ: “ಹರಟೆ ಮುಗೀತಾ? ಆ ಕಪ್ಪೆಲ್ಲಾ ಯಾರು ತೊಳೀತೀರಿ?”