ಘನದ ಒಳಕರ್ಣವು ಅಂಚಿನೊಡನೆ ಮಾಡುವ ಕೋನ 45 ಡಿಗ್ರಿ ಏಕಲ್ಲ?

ಪ್ರಶ್ನೆ (ದ್ವಿತೀಯ ಪಿಯು ವಿದ್ಯಾರ್ಥಿನಿ, ಬಾಗಲಕೋಟೆ): ಘನದ ಒಂದು ಮೂಲೆಯಿಂದ ಒಳಗಿನಿಂದ ಹಾಯ್ದು ಎದುರು ಮೂಲೆ ಮುಟ್ಟುವ ಕರ್ಣಕ್ಕೂ ಒಂದು ಅಂಚಿಗೂ ನಡುವಿನ ಕೋನವನ್ನು ಸದಿಶಗಳಿಂದ ಕಂಡುಹಿಡಿಯಬೇಕು. ಚಿತ್ರ ಬರೆದು ಕೋನಮಾಪಕದಿಂದ ಅಳೆದರೆ 45ರ ಆಸುಪಾಸು ಬರುತ್ತದೆ, ಪುಸ್ತಕದಲ್ಲಿ 54.7 ಎಂದಿದೆ, ಇನ್ನೊಂದು ಕರ್ಣವನ್ನು ಹಿಡಿದು ಲೆಕ್ಕ ಮಾಡಿದರೆ 125 ಬರುತ್ತದೆ. ಯಾವುದು ಸರಿ, ಸರ್?

ನಿವೃತ್ತ ಮೋಜಣಿದಾರರು, ವಿಜಯಪುರ: ಕರ್ಣವು ಆ ಮೂಲೆಯ ಮೂರೂ ಅಂಚುಗಳಿಗೆ ಸಮನಾಗಿ ವಾಲಿರುತ್ತದೆ. ಚೌಕದಲ್ಲಿ ಕರ್ಣವು ಎರಡು ಬದಿಗಳೊಡನೆ ಮಾಡುವ ಕೋನಗಳ ಮೊತ್ತ 90, ಆದ್ದರಿಂದ ಒಂದೊಂದು 45. ಘನದಲ್ಲಿ ಮೂರು ಕೋನಗಳ ಮೊತ್ತ 180 ಆಗಬೇಕಲ್ಲವೆ? ಹಾಗಿದ್ದರೆ 60 ಎಂದೇ ನನಗೆ ತೋರುತ್ತದೆ.

ಗಣಿತ ಉಪನ್ಯಾಸಕರು, ಬೆಳಗಾವಿ: ಮೂರೂ ಕೋನಗಳು ಸಮ ಎಂಬ ಹಿರಿಯರ ಮಾತು ಪೂರ್ತಿ ಸರಿ; ಮೊತ್ತ 180 ಎಂಬುದು ಮಾತ್ರ ನಿಲ್ಲುವುದಿಲ್ಲ. ಒಂದು ಮೂಲೆಯನ್ನು ಮೂಲಬಿಂದುವಾಗಿಟ್ಟು, ಅಲ್ಲಿ ಸೇರುವ ಮೂರು ಅಂಚುಗಳನ್ನು ಮೂರು ಅಕ್ಷಗಳ ಮೇಲೆ ಮಲಗಿಸಿ. ಅಂಚಿನ ಉದ್ದ a ಆದರೆ ಎದುರು ಮೂಲೆಯು (a, a, a) ಆಗುತ್ತದೆ, ಕರ್ಣದ ಸದಿಶವೂ ಅದೇ. ಅಂಚಿನ ಸದಿಶ (a, 0, 0). ಇವೆರಡರ ಬಿಂದು ಗುಣಲಬ್ಧದಲ್ಲಿ ಮೊದಲ ಘಟಕ ಮಾತ್ರ ಉಳಿಯುವುದರಿಂದ ಅದು a². ಕರ್ಣದ ಉದ್ದ a√3, ಅಂಚಿನದು a. ಹೀಗಾಗಿ

cos θ = a² / (a√3 · a) = 1/√3 ≈ 0.5774

ಎಂದರೆ θ ಸುಮಾರು 54.74 ಡಿಗ್ರಿ. ಘನ ಎಷ್ಟೇ ದೊಡ್ಡದಿರಲಿ, a ಹೊಡೆದುಹೋಗುವುದರಿಂದ ಕೋನ ಬದಲಾಗುವುದಿಲ್ಲ. ಕ್ಯಾಲ್ಕ್ಯುಲೇಟರ್ 0.955 ಎಂದು ತೋರಿಸಿದರೆ ಅದು ರೇಡಿಯನ್‌ನಲ್ಲಿದೆ ಎಂದು ತಿಳಿಯಿರಿ.

60ರ ವಿಷಯಕ್ಕೆ ಬರೋಣ. ಒಂದು ರೇಖೆಯು ಮೂರು ಅಕ್ಷಗಳೊಡನೆ ಮಾಡುವ ಕೋನಗಳ ಮೊತ್ತಕ್ಕೆ ಯಾವ ನಿಯಮವೂ ಇಲ್ಲ. ನಿಯಮವಿರುವುದು ಅವುಗಳ ಕೊಸೈನ್‌ಗಳ ವರ್ಗಗಳಿಗೆ, ಅವುಗಳ ಮೊತ್ತ ಯಾವಾಗಲೂ 1. ಚೌಕದಲ್ಲಿ 45 ಬರುವುದೂ ಇದರಿಂದಲೇ, ಏಕೆಂದರೆ ಅಲ್ಲಿ ½ + ½ = 1. ಮೂರು ಕೋನಗಳೂ 60 ಆದರೆ ¼ರಂತೆ ಮೂರು ಸೇರಿ ¾ ಮಾತ್ರ ಆಗುತ್ತದೆ; ಅಂಥ ರೇಖೆ ಇರಲು ಸಾಧ್ಯವೇ ಇಲ್ಲ.

ಇನ್ನು ನಿಮ್ಮ ಕೋನಮಾಪಕ. ಹಾಳೆಯ ಮೇಲಿನ ಘನದಲ್ಲಿ ಹಿಂದಕ್ಕೆ ಸರಿಯುವ ಅಂಚುಗಳನ್ನು ಓರೆಯಾಗಿ, ಬಹಳ ಸಲ ಗಿಡ್ಡಗೂ ಎಳೆಯುತ್ತೇವೆ. ಆದ್ದರಿಂದ ಅಲ್ಲಿ ಸಿಗುವ ಅಳತೆ ನೀವು ಎಳೆದ ಓರೆಯನ್ನು ಅವಲಂಬಿಸಿರುತ್ತದೆಯೇ ಹೊರತು ಘನವನ್ನಲ್ಲ. ನಿಜವಾದ 45 ಡಿಗ್ರಿ ಇರುವುದು ಮುಖದ ಕರ್ಣಕ್ಕೂ ಅಂಚಿಗೂ ನಡುವೆ, ಅದರ ಸದಿಶ (a, a, 0).

ವಿದ್ಯಾರ್ಥಿನಿ: ಹಾಗಾದರೆ 125 ತಪ್ಪೇ? ನಾನು (a, 0, 0)ಯಿಂದ (0, a, a)ಗೆ ಹೋಗುವ ಕರ್ಣವನ್ನು ತೆಗೆದುಕೊಂಡಿದ್ದೆ.

ಉಪನ್ಯಾಸಕರು: ಲೆಕ್ಕದಲ್ಲಿ ದೋಷವಿಲ್ಲ. ಆ ಕರ್ಣದ ಸದಿಶ (−a, a, a), ಅಂಚಿನ ಸದಿಶ ಅದೇ (a, 0, 0). ಕರ್ಣವು (a, 0, 0) ಮೂಲೆಯಿಂದ ಹೊರಡುತ್ತದೆ, ಅಂಚು ಅಲ್ಲಿಗೆ ಬಂದು ಸೇರುತ್ತದೆ. ಆದ್ದರಿಂದ ಗುಣಲಬ್ಧ ಋಣವಾಗಿ, ಕೋನ 125.26 ಆಗುತ್ತದೆ. ಸದಿಶಗಳ ನಡುವಿನ ಕೋನ ಕೇಳಿದ್ದರೆ ಅದೇ ಉತ್ತರ. ರೇಖೆಗಳ ನಡುವಿನ ಕೋನ ಕೇಳಿದ್ದರೆ ಋಣ ಚಿಹ್ನೆ ಬಿಟ್ಟು 54.74 ಬರೆಯಿರಿ. ಕರ್ಣವನ್ನು ಮುಟ್ಟದೆ ದೂರ ನಿಂತ ಅಂಚನ್ನು ಹಿಡಿದರೂ ಇದೇ ಬರುತ್ತದೆ, ಏಕೆಂದರೆ ಸದಿಶಕ್ಕೆ ದಿಕ್ಕು ಮುಖ್ಯ, ಸ್ಥಳವಲ್ಲ.

ವೆಲ್ಡಿಂಗ್ ಅಂಗಡಿಯವರು, ಬಾಗಲಕೋಟೆ: ಸರ್, ನಾನು ನೀರಿನ ಟ್ಯಾಂಕಿಗೆ ಸ್ಟ್ಯಾಂಡ್ ಮಾಡುತ್ತಿದ್ದೇನೆ: ತಳ 24 ಇಂಚು ಚೌಕ, ಎತ್ತರ 30 ಇಂಚು. ಕೆಳಗಿನ ಮೂಲೆಯಿಂದ ಎದುರಿನ ಮೇಲಿನ ಮೂಲೆಗೆ ಒಂದು ಸರಳು ಕೊಡಬೇಕಿದೆ. ಅದನ್ನು 54.7ಕ್ಕೆ ಹೊಂದಿಸಲೆ?

ಉಪನ್ಯಾಸಕರು: ಬೇಡ, ನಿಮ್ಮದು ಘನವಲ್ಲ. ನಿಮ್ಮ ಸರಳಿನ ಸದಿಶ (24, 24, 30), ಉದ್ದ √2052, ಅಂದರೆ ಸುಮಾರು 45.3 ಇಂಚು. ನಿಂತ ಕಾಲಿನೊಡನೆ ಅದರ ಕೊಸೈನ್ 30/45.3, ಕೋನ ಸುಮಾರು 48.5, ತಳದ ಪಟ್ಟಿಗಳೊಡನೆ 24/45.3, ಸುಮಾರು 58. ವರ್ಗಗಳನ್ನು ಕೂಡಿಸಿ ನೋಡಿ: 0.439 + 0.281 + 0.281, ದಶಾಂಶ ಬಿಟ್ಟದ್ದರಿಂದ ಬಂದ ಕಿರುವ್ಯತ್ಯಾಸ ಕಳೆದರೆ 1. ಅಳತೆಗಳನ್ನು ಚೌಕಟ್ಟಿನ ಒಳಮೂಲೆಯಿಂದ ಹಿಡಿಯಿರಿ. ಹೊರ ಅಳತೆ ಹಿಡಿದರೆ ಸರಳು ಉದ್ದವಾಗಿ ಒಳಗೆ ಕೂರುವುದಿಲ್ಲ.

ಅಂಗಡಿಯವರು: ಒಳ ಅಳತೆಯೇ ಹೇಳಿದ್ದೇನೆ, ಸರ್. ಆದರೆ ಮೂರು ಪಟ್ಟಿ ಕೂಡುವ ಮೂಲೆಯಲ್ಲಿ ಸರಳಿನ ತುದಿ ಸರಿಯಾಗಿ ಕೂರಬೇಕೆಂದರೆ ಅದನ್ನು ಯಾವ ಓರೆಗೆ ಕತ್ತರಿಸಬೇಕು?

ಉಪನ್ಯಾಸಕರು: ಈ ಲೆಕ್ಕದಲ್ಲಿ ಸರಳನ್ನು ದಪ್ಪವಿಲ್ಲದ ರೇಖೆ ಎಂದು ಎಣಿಸಿದ್ದೇನೆ. ದಪ್ಪ ಬಂದಾಗ ತುದಿ ಮೂರು ಮುಖಗಳನ್ನು ಒಟ್ಟಿಗೆ ಮುಟ್ಟಬೇಕಾಗುತ್ತದೆ, ಒಂದೇ ನೇರ ಕಡಿತ ಅದಕ್ಕೆ ಸಾಲದು.

ಮೋಜಣಿದಾರರು: ಮೂಲೆಗೆ ಒಂದು ಚಿಕ್ಕ ತಗಡಿನ ಪಟ್ಟಿ ಬೆಸೆದು, ಸರಳನ್ನು ಅದಕ್ಕೆ ಹೊಂದಿಸಿದರೆ ತುದಿಯ ಓರೆ ಅಷ್ಟು ಕಾಡಲಿಕ್ಕಿಲ್ಲ. ಭಾರ ತಾಳುತ್ತದೆಯೋ ಇಲ್ಲವೋ ಎಂಬುದನ್ನು ಕೆಲಸ ಬಲ್ಲವರು ಹೇಳಬೇಕು.