ಮೂವರ ರೂಮಿನ ಕಿರಾಣಿ ಬಿಲ್: ಯಾರು ಯಾರಿಗೆ ಎಷ್ಟು ಕೊಡಬೇಕು?

ಮೈಸೂರು ಹುಡುಗ (ಪ್ರಶ್ನೆ): ಬೆಂಗಳೂರಲ್ಲಿ ಮೂವರು ಒಂದೇ ಮನೆಯಲ್ಲಿದ್ದೇವೆ. ನಾನು, ಹುಬ್ಬಳ್ಳಿಯವನು, ಮಂಗಳೂರಿನವನು. ಬಿಲ್ಲಿನ ಫೋಟೋ ಹಾಕಿದ್ದೇನೆ, ಮಧ್ಯದಲ್ಲಿ ಒಂದು ಕಡೆ ಮಡಚಿ ಹೋಗಿದೆ. ಕಾಣುವುದು ಇಷ್ಟು: ಅಕ್ಕಿ 320, ತೊಗರಿಬೇಳೆ 140, ಎಣ್ಣೆ 160, ಈರುಳ್ಳಿ 86, ಮೊಟ್ಟೆ 96, ತುಪ್ಪ 340, ಶಾಂಪೂ 180, ಕೈಚೀಲ 10. ತುಪ್ಪ ಹುಬ್ಬಳ್ಳಿಯವನದ್ದು, ಶಾಂಪೂ ನನ್ನದು. ಹುಬ್ಬಳ್ಳಿಯವನು ಮೊಟ್ಟೆ ತಿನ್ನಲ್ಲ. ದುಡ್ಡು ಕೊಟ್ಟಿದ್ದು ಮಂಗಳೂರಿನವನು, ಕಾರ್ಡಿನಲ್ಲಿ. ಒಟ್ಟು 1400, ಕಾರ್ಡ್ ಡಿಸ್ಕೌಂಟ್ 140, ಕಟ್ಟಿದ್ದು 1260. ಯಾರು ಎಷ್ಟು ಕೊಡಬೇಕು ಅಂತ ಅಷ್ಟೇ ಹೇಳಿ, ಬೇರೆ ಏನೂ ಬೇಡ.

ಅಕೌಂಟ್ಸ್ ಮೇಡಂ: ನೀವು ಮಂಗಳೂರಿನವರಿಗೆ 440.40 ಕೊಡಿ, ಹುಬ್ಬಳ್ಳಿಯವರು 541.20 ಕೊಡಲಿ. ಆದರೆ ಇದನ್ನು ಈಗಲೇ ಕಳಿಸಬೇಡಿ, ಒಂದು ಸಾಲು ಕಾಣೆಯಾಗಿದೆ. ನೀವು ಬರೆದಿದ್ದನ್ನು ಕೂಡಿದರೆ 1332 ಬರುತ್ತದೆ, 1400 ಅಲ್ಲ. ಬಿಲ್ಲಿನ ಕೊನೆಯಲ್ಲಿ ಐಟಂ 9 ಅಂತಿದೆ, ನೀವು ಬರೆದಿದ್ದು 8. ಅಂದರೆ ಆ ಮಡಿಕೆಯೊಳಗೆ 68 ರೂಪಾಯಿಯ ಒಂದು ಸಾಮಾನು ಇದೆ. ಅದು ಮೂವರದ್ದು ಅಂತ ಹಿಡಿದು ಮೇಲಿನ ಲೆಕ್ಕ ಹೇಳಿದ್ದೇನೆ. ನಿಮ್ಮೊಬ್ಬರದ್ದೇ ಆಗಿದ್ದರೆ ನೀವು 481.20, ಹುಬ್ಬಳ್ಳಿಯವರು 520.80. ಮನೆಗೆ ಹೋಗಿ ಮಡಿಕೆ ಬಿಡಿಸಿ ನೋಡಿ. ಮತ್ತೆ ಬಿಲ್ ಪೇಪರನ್ನು ಬಿಸಿಲಲ್ಲಿ, ಬೈಕಿನ ಡಿಕ್ಕಿಯಲ್ಲಿ ಇಡಬೇಡಿ, ಅದು ಬಿಸಿಗೆ ಮುದ್ರಣವಾಗುವ ಕಾಗದ, ಹಾಗೇ ಕಪ್ಪಗಾಗಿ ಏನೂ ಕಾಣದಂತಾಗುತ್ತದೆ.

ವಿಜಯನಗರ: ಮೇಡಂ, ಜಿಎಸ್‌ಟಿ ಬಿಟ್ಟಿದ್ದೀರಿ! ಫೋಟೋದ ಕೆಳಗೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅಂತ ಬೇರೆ ಪಟ್ಟಿ ಇದೆ ನೋಡಿ. ಅದನ್ನೂ ಮೂರು ಪಾಲು ಮಾಡಬೇಕು. ಹೋಟೆಲ್ ಬಿಲ್ಲಿಗೆ ನಾವು ಹಾಗೇ ಮಾಡೋದು. ಆಮೇಲೆ "ನೀವು ಉಳಿಸಿದ್ದು 215" ಅಂತಲೂ ಇದೆ, ಅದನ್ನು ಕಳೆಯಬೇಕಲ್ವಾ?

ಅಕೌಂಟ್ಸ್ ಮೇಡಂ: ಹೋಟೆಲಿನ ಮಟ್ಟಿಗೆ ನೀವು ಹೇಳಿದ್ದು ಸರಿ. ಅಲ್ಲಿ ಸಾಮಾನ್ಯವಾಗಿ ಮೆನುವಿನ ಬೆಲೆಯ ಮೇಲೆ ತೆರಿಗೆ ಬೇರೆಯಾಗಿ ಬೀಳುತ್ತದೆ. ಪ್ಯಾಕೆಟ್ ಸಾಮಾನಿಗೆ ಹಾಗಲ್ಲ, ಎಂಆರ್‌ಪಿ ಅಂದರೇ ಎಲ್ಲ ತೆರಿಗೆ ಸೇರಿದ ಬೆಲೆ. ಕೆಳಗಿನ ಪಟ್ಟಿ ಆ ಬೆಲೆಯೊಳಗೆ ತೆರಿಗೆ ಎಷ್ಟಿತ್ತು ಅಂತ ತೋರಿಸುವುದಕ್ಕೆ ಮಾತ್ರ. ನಂಬಿಕೆ ಬರದಿದ್ದರೆ ಸಾಲುಗಳನ್ನು ಕೂಡಿ ನೋಡಿ: ತೆರಿಗೆ ಸೇರಿಸದೆಯೇ ಒಟ್ಟು ಮೊತ್ತ ಬಂದರೆ ತೆರಿಗೆ ಒಳಗೇ ಇದೆ. ಆ 215 ಎಂಆರ್‌ಪಿಗೂ ಅಂಗಡಿ ಹಾಕಿದ ಬೆಲೆಗೂ ಇರುವ ವ್ಯತ್ಯಾಸ. ಸಾಲಿನಲ್ಲಿ ಆಗಲೇ ಕಡಿಮೆ ಬೆಲೆ ಹಾಕಿದ್ದಾರೆ, ಇನ್ನೊಮ್ಮೆ ಕಳೆದರೆ ಮಂಗಳೂರಿನವರ ಜೇಬಿಗೆ ಕತ್ತರಿ.

140 ಮಾತ್ರ ಬೇರೆ. ಅದು ಯಾವ ಸಾಲಿನಲ್ಲೂ ಇಲ್ಲ, ಇಡೀ ಬಿಲ್ಲಿನ ಕೊನೆಯಲ್ಲಿ ಕಳೆದಿದ್ದು. ಬ್ಯಾಂಕಿನ ಮೆಸೇಜಿನಲ್ಲಿ 1260 ಅಂತಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ಮೈಸೂರು ಹುಡುಗ: 1260 ಅಂತಲೇ ಇದೆ ಮೇಡಂ. ಮಡಿಕೆಯನ್ನೂ ಬಿಡಿಸಿದೆ, ಪಾತ್ರೆ ತೊಳೆಯುವ ಸೋಪು, 68. ಮೂವರದ್ದೇ. ಪಾತ್ರೆ ತೊಳೆಯೋನು ನಾನೊಬ್ಬನೇ, ಅದು ಬೇರೆ ವಿಷಯ. ಏನೂ ಬೇಡ ಅಂದಿದ್ದೆ, ಆದರೆ ಹುಬ್ಬಳ್ಳಿಯವನು ಕೇಳುತ್ತಿದ್ದಾನೆ: ಮೂರಕ್ಕೆ ಭಾಗಿಸಿದರೆ 420 ಬರುತ್ತಲ್ಲ, 541 ಹೇಗೆ?

ಅಕೌಂಟ್ಸ್ ಮೇಡಂ: ಹಾಗಾದರೆ ಮೊದಲು ಹೇಳಿದ್ದೇ ಗಟ್ಟಿ, 440.40 ಮತ್ತು 541.20.

ಅವರಿಗೆ ಹೀಗೆ ಹೇಳಿ. ಅಕ್ಕಿ, ಬೇಳೆ, ಎಣ್ಣೆ, ಈರುಳ್ಳಿ, ಸೋಪು, ಕೈಚೀಲ ಸೇರಿ 784. ಇದು ಮೂವರದ್ದು, ತಲೆಗೆ 261.33. ಮೊಟ್ಟೆ ಇಬ್ಬರಿಗೆ, 48 ಮತ್ತು 48. ಹುಬ್ಬಳ್ಳಿಯವರಿಗೆ ಮೊಟ್ಟೆ ಇಲ್ಲ, ಆದರೆ 340ರ ತುಪ್ಪ ಇದೆ, ಹಾಗಾಗಿ 601.33. ನಿಮ್ಮದು ಶಾಂಪೂ ಸೇರಿ 489.33. ಮಂಗಳೂರಿನವರದ್ದು 309.33.

ಈಗ ಡಿಸ್ಕೌಂಟ್. 1400ಕ್ಕೆ 140 ಅಂದರೆ ನೂರಕ್ಕೆ ಹತ್ತು. ಆದ್ದರಿಂದ ಪ್ರತಿಯೊಬ್ಬರ ಮೊತ್ತದಲ್ಲೂ ನೂರಕ್ಕೆ ಹತ್ತು ಕಳೆಯಬೇಕು, ಎಲ್ಲರಿಗೂ ಸಮನಾಗಿ 46.67 ಅಲ್ಲ. ಜಾಸ್ತಿ ಕೊಂಡವರಿಂದಲೇ ಡಿಸ್ಕೌಂಟೂ ಜಾಸ್ತಿ ಬಂದಿದೆ. ಆಗ 440.40, 541.20, 278.40 ಬರುತ್ತದೆ. ಮೂರನ್ನೂ ಕೂಡಿದರೆ 1260, ಪೈಸೆ ತಪ್ಪಿಲ್ಲ. ಹೀಗೆ ಕೂಡಿ ನೋಡದೆ ಯಾವ ಲೆಕ್ಕವನ್ನೂ ಗುಂಪಿಗೆ ಹಾಕಬೇಡಿ. 420 ಮಾಡಿದ್ದರೆ ಅವರ ತುಪ್ಪದ ದುಡ್ಡಲ್ಲಿ 121.20 ಮಂಗಳೂರಿನವರ ಮೇಲೆ ಬೀಳುತ್ತಿತ್ತು, ನಿಮ್ಮ ಶಾಂಪೂದ್ದೂ 20.40.

ಜರ್ಸಿ ಕನ್ನಡಿಗ: ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಇಲ್ಲಿ ತೆರಿಗೆ ಬೆಲೆಯ ಒಳಗೆ ಇರಲ್ಲ, ಕೊನೆಯಲ್ಲಿ ಸೇರುತ್ತೆ. ನಾನು ಅದನ್ನು ರೂಮ್‌ಮೇಟ್‌ಗಳಿಗೆ ಸಮನಾಗಿ ಹಂಚ್ತೀನಿ. ತಪ್ಪಾ?

ಅಕೌಂಟ್ಸ್ ಮೇಡಂ: ನಿಮ್ಮ ಕಡೆ ಸೇಲ್ಸ್ ಟ್ಯಾಕ್ಸ್ 6.625%, ಆದರೆ ಅಕ್ಕಿ, ಬೇಳೆ, ತರಕಾರಿಗೆ ಅದು ಬೀಳುವುದಿಲ್ಲ, ಶಾಂಪೂ, ಸೋಪಿಗೆ ಬೀಳುತ್ತದೆ. ತೆರಿಗೆ ಬಿದ್ದ ಸಾಲಿನ ಬೆಲೆಯ ಪಕ್ಕ ಸಾಮಾನ್ಯವಾಗಿ ಒಂದು ಅಕ್ಷರ ಇರುತ್ತದೆ, ಅದು ಅಂಗಡಿಯಿಂದ ಅಂಗಡಿಗೆ ಬೇರೆ. ಆ ಸಾಮಾನು ಯಾರದ್ದೋ ತೆರಿಗೆಯೂ ಅವರದ್ದೇ. ಸಮನಾಗಿ ಹಂಚಿದರೆ ಬರೀ ಬೇಳೆ ಕೊಂಡವನು ಇನ್ನೊಬ್ಬನ ಶಾಂಪೂವಿನ ತೆರಿಗೆ ಕಟ್ಟಿದ ಹಾಗಾಗುತ್ತದೆ.

ವಾರಾಂತ್ಯ ಶಿರಸಿ: ನನ್ನದೊಂದು ಪ್ರಶ್ನೆ. ನಾನು ತಿಂಗಳಲ್ಲಿ ಹತ್ತು ದಿನ ಊರಲ್ಲೇ ಇರ್ತೀನಿ, ಅಕ್ಕಿ ದುಡ್ಡು ಪೂರ್ತಿ ಯಾಕೆ ಕೊಡಬೇಕು?

ವಿಜಯನಗರ: ಊಟಕ್ಕೆ ಇಲ್ಲ ಅಂದಮೇಲೆ ಕೊಡಬೇಡಿ, ಸಿಂಪಲ್.

ಅಕೌಂಟ್ಸ್ ಮೇಡಂ: ಅಷ್ಟು ಸಿಂಪಲ್ ಅಲ್ಲ. 5 ಕೆಜಿ ಚೀಲ ಯಾವ ದಿನ ಒಡೆದಿರಿ, ಯಾವ ದಿನ ಮುಗಿಯಿತು ಅಂತ ಯಾರು ಬರೆದಿಟ್ಟಿರುತ್ತಾರೆ? ಬಿಲ್ಲಿನಲ್ಲಿ ಕೊಂಡಿದ್ದು ಮಾತ್ರ ಇರುತ್ತದೆ, ಉಂಡಿದ್ದು ಇರುವುದಿಲ್ಲ. ತಿಂಗಳ ಮೊದಲೇ ಮಾತಾಡಿಕೊಂಡಿದ್ದರೆ ದಿನದ ಲೆಕ್ಕ ಹಾಕಬಹುದು. ಬಿಲ್ ಬಂದ ಮೇಲೆ ಕೇಳಿದರೆ ಜಗಳವೇ.

ಮೈಸೂರು ಹುಡುಗ: ಮೇಡಂ, ಹೊಸ ತಕರಾರು. ಮಂಗಳೂರಿನವನು ಈಗ, ಕಾರ್ಡ್ ನನ್ನದು, ವರ್ಷದ ಫೀಸ್ ಕಟ್ಟೋನು ನಾನು, ಹಾಗಾಗಿ 140 ಪೂರ್ತಿ ನನ್ನದೇ ಅಂತಿದ್ದಾನೆ.

ಅಕೌಂಟ್ಸ್ ಮೇಡಂ: ಹಾಗೆ ಮಾಡಿದರೆ ನೀವು 489.33, ಹುಬ್ಬಳ್ಳಿಯವರು 601.33. ಮಂಗಳೂರಿನವರ ಕೈಯಿಂದ ನಿಜವಾಗಿ ಹೋಗುವುದು 169.34 ಮಾತ್ರ. ನಾನಾದರೆ ಜೇಬಿನಿಂದ ಎಷ್ಟು ಹೋಯಿತೋ ಅಷ್ಟನ್ನೇ ಹಂಚುತ್ತೇನೆ. ಆದರೆ ಫೀಸಿನ ಮಾತು ಪೂರ್ತಿ ಸುಳ್ಳೂ ಅಲ್ಲ. ಇದು ಕೂಡುವ ಕಳೆಯುವ ಪ್ರಶ್ನೆ ಅಲ್ಲ, ನೀವು ಮೂವರೇ ಕೂತು ತೀರ್ಮಾನ ಮಾಡಬೇಕು.

ವಿಜಯನಗರ: ಕಾರ್ಡ್ ಅವನದು, ಡಿಸ್ಕೌಂಟೂ ಅವನದೇ ಅಂತೀನಿ ನಾನು.

ಮೈಸೂರು ಹುಡುಗ: ಸದ್ಯಕ್ಕೆ 440 ಕಳಿಸಿದ್ದೇನೆ, ಮಿಕ್ಕಿದ್ದು ಆಮೇಲೆ ನೋಡೋಣ. ಹುಬ್ಬಳ್ಳಿಯವನು ಇನ್ನೂ ಕಳಿಸಿಲ್ಲ, ಆದರೆ ತುಪ್ಪದ ಡಬ್ಬಿ ಮೇಲೆ ತನ್ನ ಹೆಸರು ಬರೆದಿಟ್ಟಿದ್ದಾನೆ.